ಡೊಂಬಿವಲಿಯ ಹೆಸರು ಹೊತ್ತ ಸಂಖ್ಯೆಗಳು: ಒಗಟಿನಿಂದ ಗಣಿತಕ್ಕೆ

ಒಗಟುಗಳನ್ನು ಬಿಡಿಸುವುದರಲ್ಲಿ ಅಪಾರ ಆಸಕ್ತಿ ತೋರುವ ಹದಿಮೂರು ಹದಿನಾಲ್ಕರ ಬಾಲಕ ಅಥವಾ ಬಾಲಕಿ ಶಾಲೆಯ ಗಣಿತದ ಪುಸ್ತಕವನ್ನು ತೆರೆದೊಡನೆ ಬೇಸರಗೊಳ್ಳುವುದು ಅಪರೂಪದ ಸಂಗತಿಯಲ್ಲ. ಇದಕ್ಕೆ ಒಂದು ಸರಳ ಕಾರಣವಿದೆ. ಪಠ್ಯಪುಸ್ತಕದಲ್ಲಿ ಮೊದಲು ವಿಧಾನವನ್ನು ಹೇಳಿ, ಅನಂತರ ಅದೇ ವಿಧಾನದಿಂದ ಬಿಡಿಸಬಹುದಾದ ಹಲವು ಲೆಕ್ಕಗಳನ್ನು ಕೊಡಲಾಗುತ್ತದೆ. ಅಧ್ಯಾಯದ ತಲೆಬರಹವನ್ನು ಓದಿದೊಡನೆಯೇ ಏನು ಮಾಡಬೇಕೆಂಬುದು ತಿಳಿದುಹೋಗುತ್ತದೆ. ಒಗಟಿನಲ್ಲಾದರೋ ವಿಧಾನವೇ ಮರೆಯಾಗಿರುತ್ತದೆ. ಅದನ್ನು ಹುಡುಕುವುದೇ ಅಲ್ಲಿನ ಕೆಲಸ. ಹುಡುಕುವ ಸುಖವನ್ನು ಬಲ್ಲ ಮಗುವಿಗೆ, ಹುಡುಕಲು ಏನೂ ಉಳಿದಿರದ ಲೆಕ್ಕಗಳು ನೀರಸವೆನಿಸಿದರೆ ಅದನ್ನು ಮಗುವಿನ ದೋಷವೆನ್ನಲಾಗದು.

ಇಂತಹ ಮಗುವಿನ ಕೈಗೆ ಎಂತಹ ಪುಸ್ತಕಗಳನ್ನು ಕೊಡಬೇಕು, ಅವುಗಳನ್ನು ಹೇಗೆ ಓದಿಸಬೇಕು ಎಂಬುದನ್ನು ಈ ಪಾಠದಲ್ಲಿ ವಿವೇಚಿಸಲಾಗಿದೆ. ಇದಕ್ಕೆ ಬೇಕಾದ ಉದಾಹರಣೆಗಾಗಿ ಠಾಣೆ, ಕಲ್ಯಾಣ್, ನವಿಮುಂಬಯಿ ಪ್ರದೇಶದ ಕನ್ನಡ ಕುಟುಂಬಗಳು ದೂರ ಹೋಗಬೇಕಾಗಿಲ್ಲ. ಅವರು ಪ್ರತಿದಿನ ಇಳಿದು ಹತ್ತುವ ಡೊಂಬಿವಲಿ ರೈಲು ನಿಲ್ದಾಣದ ಹೆಸರನ್ನೇ ಹೊತ್ತಿರುವ ಸಂಖ್ಯೆಗಳು ಗಣಿತದಲ್ಲಿವೆ.

ಡೆಮ್ಲೊ ಸಂಖ್ಯೆಗಳು

ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಅವರು 1905ನೆಯ ಇಸವಿಯ ಜನವರಿ 17ರಂದು ಡಹಾಣುವಿನಲ್ಲಿ ಜನಿಸಿದರು. ಅಂದು ಠಾಣೆ ಜಿಲ್ಲೆಗೆ ಸೇರಿದ್ದ ಆ ಊರು 2014ರಿಂದ ಪಾಲ್ಘರ್ ಜಿಲ್ಲೆಯಲ್ಲಿದೆ. ಅವರ ಪ್ರೌಢಶಾಲಾ ವ್ಯಾಸಂಗ ಠಾಣೆಯಲ್ಲಿಯೂ ಕಾಲೇಜು ವ್ಯಾಸಂಗ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿಯೂ ನಡೆಯಿತು. 1930ರಿಂದ 1962ರವರೆಗೆ ಅವರು ನಾಸಿಕದ ಸಮೀಪದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದರು. ಗಣಿತದಲ್ಲಿ ಸ್ನಾತಕೋತ್ತರ ಶಿಕ್ಷಣವನ್ನು ಅವರು ಪಡೆದಿರಲಿಲ್ಲ. ಚಿಕ್ಕಂದಿನಿಂದಲೂ ಅವರನ್ನು ಹಿಡಿದಿಟ್ಟದ್ದು ಅಂಕಿಗಳ ಒಗಟುಗಳೇ.

ಅಂದಿನ ಜಿ.ಐ.ಪಿ. ರೈಲುಮಾರ್ಗದಲ್ಲಿ ಮುಂಬಯಿಯಿಂದ ಸುಮಾರು 30 ಮೈಲಿ ದೂರದಲ್ಲಿದ್ದ ಡೆಮ್ಲೊ ಎಂಬ ನಿಲ್ದಾಣದಲ್ಲಿ ಅವರಿಗೆ ಒಂದು ಬಗೆಯ ಸಂಖ್ಯೆಗಳ ವಿಚಾರ ಹೊಳೆಯಿತು. ಇಂದಿನ ಡೊಂಬಿವಲಿಯೇ ಆ ಡೆಮ್ಲೊ. ಆದುದರಿಂದ ಆ ಸಂಖ್ಯೆಗಳನ್ನು ಅವರು ಡೆಮ್ಲೊ ಸಂಖ್ಯೆಗಳೆಂದು ಕರೆದರು.

ಅವುಗಳ ಲಕ್ಷಣ ಇಷ್ಟೇ. ಸಂಖ್ಯೆಯನ್ನು ಎಡ, ನಡು, ಬಲ ಎಂದು ಮೂರು ಭಾಗ ಮಾಡಬೇಕು. ನಡುಭಾಗದಲ್ಲಿ ಒಂದೇ ಅಂಕಿ ಒಂದು ಸಲವೋ ಹಲವು ಸಲವೋ ಬಂದಿರಬೇಕು. ಎಡಭಾಗವನ್ನೂ ಬಲಭಾಗವನ್ನೂ ಕೂಡಿದಾಗ ಬರುವ ಮೊತ್ತದಲ್ಲಿಯೂ ಅದೇ ಅಂಕಿ ಮಾತ್ರ ಇರಬೇಕು. 165ನ್ನು ತೆಗೆದುಕೊಂಡರೆ ಎಡದ 1, ಬಲದ 5 ಕೂಡಿ 6 ಆಗುತ್ತದೆ, ನಡುವಿನಲ್ಲಿರುವುದೂ 6. ಹಾಗೆಯೇ 2553ರಲ್ಲಿ 2 ಮತ್ತು 3 ಕೂಡಿದರೆ 5. ನಡುವೆ ಇರುವುದು 55.

ಈ ಗುಂಪಿನಲ್ಲಿ ಅತ್ಯಂತ ಸುಂದರವಾದವು 1ರ ಅಂಕಿಯಿಂದಲೇ ಆದ ಸಂಖ್ಯೆಗಳ ವರ್ಗಗಳು.

11 × 11 = 121
111 × 111 = 12321
1111 × 1111 = 1234321

12321ರಲ್ಲಿ ಎಡದ 12ನ್ನೂ ಬಲದ 21ನ್ನೂ ಕೂಡಿದರೆ 33. ನಡುವೆ ಇರುವುದು 3. 1234321ರಲ್ಲಿ 123 ಮತ್ತು 321 ಕೂಡಿ 444, ನಡುವೆ 4.

ಅನೇಕ ಒಗಟಿನ ಪುಸ್ತಕಗಳು ಈ ಏಣಿಯನ್ನು ಮುದ್ರಿಸಿ ಇಲ್ಲಿಗೇ ನಿಲ್ಲಿಸಿಬಿಡುತ್ತವೆ. ಓದಿದ ಮಗು ಬೆರಗಾಗುತ್ತದೆ, ಗೆಳೆಯರಿಗೆ ಹೇಳುತ್ತದೆ, ಮರೆಯುತ್ತದೆ. ಗಣಿತ ಆರಂಭವಾಗುವುದು ಇದರ ಮುಂದಿನ ಎರಡು ಪ್ರಶ್ನೆಗಳಿಂದ: ಹೀಗೇಕೆ ಆಗುತ್ತದೆ? ಎಲ್ಲಿಯವರೆಗೆ ಆಗುತ್ತದೆ?

ಉತ್ತರವನ್ನು ಕಾಣಲು ಗುಣಾಕಾರವನ್ನು ಶಾಲೆಯಲ್ಲಿ ಕಲಿಸಿದಂತೆಯೇ ಕಾಗದದ ಮೇಲೆ ಬರೆದರೆ ಸಾಕು. 111ನ್ನು 111ರಿಂದ ಗುಣಿಸುವಾಗ 111, 1110, 11100 ಎಂಬ ಮೂರು ಸಾಲುಗಳು ಬರುತ್ತವೆ. ಒಂದೊಂದು ಸಾಲೂ ಒಂದು ಸ್ಥಾನ ಎಡಕ್ಕೆ ಸರಿದಿರುವುದರಿಂದ, ಬಲತುದಿಯ ಕಂಬಸಾಲಿನಲ್ಲಿ ಒಂದು 1, ಅದರ ಎಡಕ್ಕೆ ಎರಡು, ಅದರಾಚೆ ಮೂರು, ಮತ್ತೆ ಎರಡು, ಕೊನೆಗೆ ಒಂದು 1 ಸಿಗುತ್ತವೆ. ಅವುಗಳ ಮೊತ್ತವೇ 12321. ಬೆರಗಿನ ಮೂಲ ಇಷ್ಟೇ: ಏರಿಳಿಯುವುದು ಅಂಕಿಗಳಲ್ಲ, ಪ್ರತಿ ಕಂಬಸಾಲಿನಲ್ಲಿರುವ ಒಂದುಗಳ ಎಣಿಕೆ.

ಕಾರಣ ತಿಳಿದ ಕೂಡಲೇ ಎರಡನೆಯ ಪ್ರಶ್ನೆಗೂ ಉತ್ತರ ದೊರೆಯುತ್ತದೆ. ಒಂಬತ್ತು 1ಗಳವರೆಗೆ ನಡುವಿನ ಕಂಬಸಾಲಿನ ಮೊತ್ತ 9ನ್ನು ಮೀರುವುದಿಲ್ಲ. ಹತ್ತು 1ಗಳಾದಾಗ ಅಲ್ಲಿ 10 ಬರುತ್ತದೆ. 0ಯನ್ನು ಬರೆದು ದಶಕವನ್ನು ಎಡಕ್ಕೆ ಸಾಗಿಸಬೇಕಾಗುತ್ತದೆ. ಆಗ ದೊರೆಯುವ ಸಂಖ್ಯೆ 1234567900987654321. ಎಡಬದಿಯಲ್ಲಿ 8 ಮಾಯವಾಗಿದೆ. ಹಿಂದುಮುಂದಾಗಿ ಓದಿದರೆ ಒಂದೇ ಆಗಿರುತ್ತಿದ್ದ ಚೆಲುವು ಕೆಟ್ಟಿದೆ. ವಿನ್ಯಾಸ ಎಲ್ಲಿ ಮುರಿಯುತ್ತದೆಂಬುದನ್ನು ಲೆಕ್ಕ ಮಾಡುವ ಮೊದಲೇ ಹೇಳಬಲ್ಲ ಮಗು, ಆ ವಿನ್ಯಾಸವನ್ನು ನಿಜವಾಗಿ ಅರಿತಿದೆ ಎಂದು ತಿಳಿಯಬಹುದು.

ಮಾನ್ಯಖೇಟದ ಕಂಠಹಾರ

ಇಂತಹ ಸಂಖ್ಯೆಗಳ ಮೋಹ ಹೊಸದಲ್ಲ. ಡೆಮ್ಲೊ ಸಂಖ್ಯೆಗಳಿಗೆ ಸಾವಿರ ವರ್ಷಗಳಿಗೂ ಹಿಂದೆ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಆ ಸಾಮ್ರಾಜ್ಯದ ರಾಜಧಾನಿಯಾಗಿದ್ದ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಗುಣಾಕಾರದ ಪಾಠದಲ್ಲಿ ಅವನು ಎಡದಿಂದಲೂ ಬಲದಿಂದಲೂ ಒಂದೇ ಬಗೆಯಾಗಿ ಕಾಣುವ ಗುಣಲಬ್ಧಗಳನ್ನು ಕೊಟ್ಟು, ಅವುಗಳನ್ನು ಕೊರಳಹಾರಗಳಿಗೆ ಹೋಲಿಸುತ್ತಾನೆ. ಅವುಗಳಲ್ಲೊಂದು ಹೀಗಿದೆ:

27994681 × 441 = 12345654321

ಇದನ್ನು ಕೇವಲ ಗುಣಿಸಿ ನೋಡಿದರೆ ಅದೊಂದು ದೀರ್ಘ ಲೆಕ್ಕ, ಬೇಸರ ಸಹಜ. ಒಗಟೆಂದು ಭಾವಿಸಿದರೆ ಪ್ರಶ್ನೆ ಬದಲಾಗುತ್ತದೆ: ಎಡಬದಿಯ ಈ ವಿಚಿತ್ರ ಸಂಖ್ಯೆಗಳು ಎಲ್ಲಿಂದ ಬಂದವು? ಬಲಬದಿಯ ಸಂಖ್ಯೆ ಆರು 1ಗಳ ವರ್ಗ, ಅಂದರೆ 111111 × 111111 ಎಂಬುದು ಈಗ ತಿಳಿದಿದೆ. 441 ಎಂಬುದು 21ರ ವರ್ಗ. 111111ನ್ನು 21ರಿಂದ ಭಾಗಿಸಿದರೆ ಶೇಷವಿಲ್ಲದೆ 5291 ಬರುತ್ತದೆ. 5291ರ ವರ್ಗವೇ 27994681. ಹಾರ ಬಿಚ್ಚಿಕೊಂಡಿತು: 21ನ್ನೂ 5291ನ್ನೂ ಗುಣಿಸಿ ಬಂದುದನ್ನು ವರ್ಗ ಮಾಡಿದರೂ, ಮೊದಲೇ ಎರಡನ್ನೂ ವರ್ಗ ಮಾಡಿ ಅನಂತರ ಗುಣಿಸಿದರೂ ಫಲ ಒಂದೇ. ಪಠ್ಯಪುಸ್ತಕದಲ್ಲಿ ಘಾತಾಂಕದ ನಿಯಮವೆಂದು ಬಾಯಿಪಾಠ ಮಾಡಿಸುವ ಸಂಗತಿ ಇಲ್ಲಿ ಬೀಗದ ಕೈಯಾಗಿ ಒದಗುತ್ತದೆ. ಅಪವರ್ತನಗಳನ್ನು ಹುಡುಕುವುದು ಏತಕ್ಕೆ ಎಂಬ ಪ್ರಶ್ನೆಗೂ ಇದೇ ಉತ್ತರ.

6174ರ ಒಗಟು

ಕಾಪ್ರೇಕರರ ಹೆಸರನ್ನು ಪ್ರಪಂಚಕ್ಕೆ ಪರಿಚಯಿಸಿದ್ದು ಇನ್ನೊಂದು ಒಗಟು. ಅವರ ಕೆಲಸವನ್ನು ಬಹುಕಾಲ ಅನೇಕ ವೃತ್ತಿನಿರತ ಗಣಿತಜ್ಞರು ಕ್ಷುಲ್ಲಕವೆಂದು ಕಡೆಗಣಿಸಿದ್ದರು. 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ಅವರು 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯ ತಮ್ಮ ಗಣಿತ ವಿನೋದದ ಅಂಕಣದಲ್ಲಿ ಅವರನ್ನು ಕುರಿತು ಬರೆದ ಬಳಿಕ ಆ ಸ್ಥಿತಿ ಬದಲಾಯಿತು.

ಒಗಟು ಇಂತಿದೆ. ನಾಲ್ಕು ಅಂಕಿಗಳ ಯಾವುದಾದರೂ ಸಂಖ್ಯೆಯನ್ನು ಆರಿಸಬೇಕು. ನಾಲ್ಕೂ ಅಂಕಿಗಳು ಒಂದೇ ಆಗಿರಬಾರದು. ಡೊಂಬಿವಲಿಯ ರಸ್ತೆಯಲ್ಲಿ ಎಂ.ಎಚ್. 05 ಎಂಬ ಗುರುತಿನಿಂದ ಆರಂಭವಾಗುವ ವಾಹನ ಫಲಕಗಳಲ್ಲಿ ಅಂತಹ ಸಂಖ್ಯೆಗಳು ಬೇಕಾದಷ್ಟು ಸಿಗುತ್ತವೆ. ಆ ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಅದರಿಂದ ಏರಿಕೆಯ ಕ್ರಮದ ಸಂಖ್ಯೆಯನ್ನು ಕಳೆಯಬೇಕು. ಬಂದ ವ್ಯತ್ಯಾಸಕ್ಕೂ ಹಾಗೆಯೇ ಮಾಡಬೇಕು. 2019ರಿಂದ ಹೊರಟರೆ:

9210 − 0129 = 9081
9810 − 0189 = 9621
9621 − 1269 = 8352
8532 − 2358 = 6174

ಮುಂದೆ 7641ರಿಂದ 1467ನ್ನು ಕಳೆದರೆ ಮತ್ತೆ 6174, ಅಲ್ಲಿಂದಾಚೆಗೆ ಬದಲಾವಣೆಯಿಲ್ಲ. ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಗಳಲ್ಲಿ 6174ನ್ನು ಸೇರುತ್ತೇವೆ.

ಇಲ್ಲಿ ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪು ಸೊನ್ನೆಯನ್ನು ಕೈಬಿಡುವುದು. 2111ರಿಂದ ಹೊರಟರೆ 2111 − 1112 = 999 ಬರುತ್ತದೆ. ಇದನ್ನು ಮೂರಂಕಿಯ 999 ಎಂದೇ ಇಟ್ಟುಕೊಂಡರೆ ಮುಂದಿನ ವ್ಯತ್ಯಾಸ 0 ಆಗಿ, ನಿಯಮವೇ ಸುಳ್ಳೆಂದು ತೋರುತ್ತದೆ. 0999 ಎಂದು ಬರೆದು ಮುಂದುವರಿದರೆ 9990 − 0999 = 8991, ಅಲ್ಲಿಂದ 8082, 8532, ಕೊನೆಗೆ 6174 ದೊರೆಯುತ್ತವೆ. ಕಳೆಯುವಾಗ ತಪ್ಪಿದರೆ ಅದನ್ನು ಕಂಡುಹಿಡಿಯಲು ಒಂದು ಉಪಾಯವಿದೆ: ಪ್ರತಿಯೊಂದು ವ್ಯತ್ಯಾಸದ ಅಂಕಿಗಳ ಮೊತ್ತವೂ 9ರ ಗುಣಕವಾಗಿರಲೇಬೇಕು. 9081ರಲ್ಲಿ ಅದು 18. ಹಾಗಿಲ್ಲದಿದ್ದರೆ ಲೆಕ್ಕ ತಪ್ಪಿದೆಯೆಂಬುದು ಖಚಿತ. ಆದರೆ ಕೈಬಿಟ್ಟ ಸೊನ್ನೆಯನ್ನು ಈ ಪರೀಕ್ಷೆ ಹಿಡಿಯಲಾರದು. 999ಕ್ಕೂ 0999ಕ್ಕೂ ಮೊತ್ತ 27 ತಾನೆ!

ಈಗ ಕಾರಣ. ಇಳಿಕೆಯ ಕ್ರಮದಲ್ಲಿ ಬರೆದ ಅಂಕಿಗಳನ್ನು a, b, c, d ಎಂದಿಟ್ಟುಕೊಂಡರೆ ದೊಡ್ಡ ಸಂಖ್ಯೆ 1000a + 100b + 10c + d. ಚಿಕ್ಕ ಸಂಖ್ಯೆ 1000d + 100c + 10b + a. ಕಳೆದಾಗ ಉಳಿಯುವುದು:

999(a − d) + 90(b − c)

ಈ ಒಂದು ಸಾಲಿನಲ್ಲಿ ಎರಡು ಸಂಗತಿಗಳು ಅಡಗಿವೆ. ಮೊದಲನೆಯದು, 999 ಮತ್ತು 90 ಎರಡನ್ನೂ 9 ಭಾಗಿಸುವುದರಿಂದ ವ್ಯತ್ಯಾಸವನ್ನೂ 9 ಭಾಗಿಸಲೇಬೇಕು. ಮೇಲೆ ಹೇಳಿದ ಪರೀಕ್ಷೆಯ ಆಧಾರ ಇದೇ. ಎರಡನೆಯದು ಇನ್ನೂ ಮುಖ್ಯವಾದುದು. ವ್ಯತ್ಯಾಸವು ನಾಲ್ಕು ಅಂಕಿಗಳನ್ನು ಬೇರೆ ಬೇರೆಯಾಗಿ ಅವಲಂಬಿಸಿಲ್ಲ; ತುದಿಯ ಎರಡು ಅಂಕಿಗಳ ಅಂತರ, ನಡುವಿನ ಎರಡು ಅಂಕಿಗಳ ಅಂತರ ಇವೆರಡನ್ನೇ ಅವಲಂಬಿಸಿದೆ. ಮೊದಲ ಅಂತರ 1ರಿಂದ 9ರವರೆಗೆ ಇರಬಹುದು. ಎರಡನೆಯದು 0ಯಿಂದ ಹಿಡಿದು ಮೊದಲ ಅಂತರದಷ್ಟರವರೆಗೆ ಇರಬಹುದು. ಹಾಗಾಗಿ ಸಾಧ್ಯವಿರುವ ಜೋಡಿಗಳು 2 + 3 + 4 ಎಂದು ಮೊದಲಾಗಿ 10ರವರೆಗೆ ಕೂಡಿದಷ್ಟು, ಅಂದರೆ 54 ಮಾತ್ರ.

0000ಯಿಂದ 9999ರವರೆಗಿನ ಹತ್ತು ಸಾವಿರ ಸಂಖ್ಯೆಗಳಲ್ಲಿ ಎಲ್ಲ ಅಂಕಿಗಳೂ ಒಂದೇ ಆಗಿರುವ ಹತ್ತನ್ನು ಬಿಟ್ಟರೆ 9990 ಉಳಿಯುತ್ತವೆ. ಮೊದಲ ಹೆಜ್ಜೆಯಲ್ಲಿಯೇ ಅವೆಲ್ಲವೂ 54 ಸಂಖ್ಯೆಗಳಿಗೆ ಬಂದು ಸೇರಿಬಿಡುತ್ತವೆ. 9990 ಲೆಕ್ಕಗಳನ್ನು ಯಾರೂ ಕೈಯಿಂದ ಮಾಡಲಾರರು. 54ನ್ನು ಒಂದು ಭಾನುವಾರದಲ್ಲಿ ಮಾಡಿ ಮುಗಿಸಬಹುದು. ಮುಗಿಸಿದಾಗ ಕೈಯಲ್ಲಿರುವುದು ಕೆಲವು ಉದಾಹರಣೆಗಳಲ್ಲ, ಸಂಪೂರ್ಣ ಸಾಧನೆ. ಬೀಜಗಣಿತ ಇಲ್ಲಿ ಒಗಟನ್ನು ತಾನಾಗಿ ಬಿಡಿಸಲಿಲ್ಲವೆಂಬುದನ್ನೂ ಗಮನಿಸಬೇಕು. ಅದು ಕೆಲಸವನ್ನು ಮನುಷ್ಯನ ಅಳತೆಗೆ ತಂದುಕೊಟ್ಟಿತು. ಅಕ್ಷರಗಳಿಂದ ಲೆಕ್ಕ ಮಾಡುವುದೇಕೆ ಎಂದು ಕೇಳುವ ಮಗುವಿಗೆ ಇದಕ್ಕಿಂತ ನೇರವಾದ ಉತ್ತರ ದುರ್ಲಭ.

ಪುಸ್ತಕಗಳ ಆಯ್ಕೆ

ಇಷ್ಟನ್ನು ಕಂಡ ಮೇಲೆ ಒಗಟಿನ ಪುಸ್ತಕವನ್ನು ಅಳೆಯುವ ಕೋಲು ತಾನಾಗಿಯೇ ದೊರೆಯುತ್ತದೆ. ಪುಸ್ತಕದ ಕೊನೆಯ ಉತ್ತರದ ಪುಟಗಳನ್ನು ಮೊದಲು ತೆರೆದು ನೋಡಬೇಕು. ಅಲ್ಲಿ ಬರೀ ಸಂಖ್ಯೆಗಳಿದ್ದರೆ ಅದು ಕಾಲಹರಣಕ್ಕೆ ಒದಗುವ ಪುಸ್ತಕ. ಉತ್ತರ ಹೇಗೆ ಬಂತೆಂಬ ವಿವರಣೆಯಿದ್ದರೆ, ಇನ್ನೂ ಮೇಲಾಗಿ ಒಂದು ಉತ್ತರದಿಂದ ಮತ್ತೊಂದು ಪ್ರಶ್ನೆ ಹುಟ್ಟುವಂತಿದ್ದರೆ, ಅದು ಗಣಿತದ ಪುಸ್ತಕ.

ಮೊದಲ ಮೆಟ್ಟಿಲಿಗೆ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿಯವರ 'ಪಜಲ್ಸ್ ಟು ಪಜಲ್ ಯು' ತಕ್ಕುದಾಗಿದೆ. ಇದರ ಒಗಟುಗಳು ಚಿಕ್ಕವು. ಲೋಕಲ್ ರೈಲಿನಲ್ಲಿ ಕುಳಿತೋ ನಿಂತೋ ಮನಸ್ಸಿನಲ್ಲೇ ಬಿಡಿಸಬಹುದಾದವು ಹಲವಿವೆ. ಆದರೆ ಇಂತಹ ಪುಸ್ತಕವನ್ನು ಓದುವಾಗ 'ಏಕೆ' ಎಂಬ ಪ್ರಶ್ನೆಯನ್ನು ಓದುಗನೇ ಸೇರಿಸಿಕೊಳ್ಳಬೇಕಾಗುತ್ತದೆ.

ಎರಡನೆಯ ಮೆಟ್ಟಿಲು ರಷ್ಯದ ಯಾಕೊವ್ ಪೆರೆಲ್ಮಾನ್ ಅವರದು. ಮಾಸ್ಕೋದ ಮೀರ್ ಪ್ರಕಾಶನದ ಮೂಲಕ ಭಾರತದ ಮನೆಗಳಿಗೆ ಅಗ್ಗದ ಬೆಲೆಗೆ ಬರುತ್ತಿದ್ದ ಅವರ ಪುಸ್ತಕಗಳು 1991ರಲ್ಲಿ ಸೋವಿಯತ್ ಒಕ್ಕೂಟ ವಿಘಟನೆಗೊಂಡ ಬಳಿಕ ವಿರಳವಾದವು. ಅನಂತರ ಕೆಲವು ಇಲ್ಲಿಯೇ ಮರುಮುದ್ರಣಗೊಂಡಿವೆ. 'ಮ್ಯಾಥಮ್ಯಾಟಿಕ್ಸ್ ಕ್ಯಾನ್ ಬಿ ಫನ್' ಅಂಕಗಣಿತದ ಮಟ್ಟದ್ದು. 'ಆಲ್ಜೀಬ್ರಾ ಕ್ಯಾನ್ ಬಿ ಫನ್' ಎಂಬುದು ಸಮೀಕರಣಗಳನ್ನು ಆಗಲೇ ಕಲಿತು ಅವುಗಳಿಂದ ಬೇಸತ್ತವರಿಗೆ ಹೆಚ್ಚು ಉಪಯುಕ್ತ. ಒಗಟಿನ ಮಾತನ್ನು ಬೀಜಗಣಿತದ ಭಾಷೆಗೆ ತಿರುಗಿಸುವ ಬಗೆಯನ್ನು ಅದು ತಾಳ್ಮೆಯಿಂದ ತೋರಿಸುತ್ತದೆ. ಇವುಗಳ ಬಳಿಕ ಮೇಲೆ ಹೆಸರಿಸಿದ ಗಾರ್ಡ್ನರ್ ಅವರ 'ಮೈ ಬೆಸ್ಟ್ ಮ್ಯಾಥಮ್ಯಾಟಿಕಲ್ ಅಂಡ್ ಲಾಜಿಕ್ ಪಜಲ್ಸ್' ಕೈಗೆ ಬರಬಹುದು.

ಸಂಖ್ಯೆಗಳಿಗಿಂತ ಮಾತಿನ ಒಗಟುಗಳನ್ನೇ ಇಷ್ಟಪಡುವ ಮಗುವಿಗೆ ತರ್ಕದ ದಾರಿಯಿದೆ. ರೇಮಂಡ್ ಸ್ಮಲ್ಯನ್ ಅವರ 'ವಾಟ್ ಈಸ್ ದ ನೇಮ್ ಆಫ್ ದಿಸ್ ಬುಕ್?' 1978ರಲ್ಲಿ ಪ್ರಕಟವಾಯಿತು. ಸದಾ ಸತ್ಯ ನುಡಿಯುವವರು, ಸದಾ ಸುಳ್ಳಾಡುವವರು ಎಂಬ ಎರಡೇ ಬಗೆಯ ಜನರಿರುವ ದ್ವೀಪ ಅದರಲ್ಲಿ ಬರುತ್ತದೆ. ಅಂತಹ ದ್ವೀಪದಲ್ಲಿ ಅಕ್ಕ ತಮ್ಮ ಇಬ್ಬರು ಎದುರಾದರೆಂದು ಭಾವಿಸೋಣ. ಅಕ್ಕ, "ನಮ್ಮಿಬ್ಬರಲ್ಲಿ ಒಬ್ಬರಾದರೂ ಸುಳ್ಳಾಡುವವರು" ಎನ್ನುತ್ತಾಳೆ. ಅವಳೇ ಸುಳ್ಳಾಡುವವಳೆಂದು ಇಟ್ಟುಕೊಂಡರೆ ಅವಳ ಮಾತು ನಿಜವಾಗಿಬಿಡುತ್ತದೆ. ಸುಳ್ಳಾಡುವವಳು ನಿಜವನ್ನು ನುಡಿಯಲಾರಳು. ಆದುದರಿಂದ ಅವಳು ಸತ್ಯವಂತೆ, ಅವಳ ಮಾತು ನಿಜ, ಸುಳ್ಳಾಡುವವನು ತಮ್ಮ. ಒಂದು ಸಂಗತಿಯನ್ನು ತಾತ್ಕಾಲಿಕವಾಗಿ ಒಪ್ಪಿ, ಅದು ವಿರೋಧಕ್ಕೆ ಒಯ್ಯುವುದನ್ನು ತೋರಿಸಿ ಕೈಬಿಡುವ ಈ ಕ್ರಮದಿಂದಲೇ ಪ್ರೌಢಶಾಲೆಯಲ್ಲಿ 2ರ ವರ್ಗಮೂಲ ಭಾಗಲಬ್ಧವಲ್ಲವೆಂದು ಸಾಧಿಸುತ್ತಾರೆ. ದ್ವೀಪದಲ್ಲಿ ಅಡ್ಡಾಡಿ ಬಂದ ಮಗುವಿಗೆ ಆ ಸಾಧನೆ ಅಪರಿಚಿತವೆನಿಸದು.

ಓದುವ ಕ್ರಮ

ಒಗಟಿನ ಪುಸ್ತಕವನ್ನು ಕಾದಂಬರಿಯಂತೆ ಓದಿ ಮುಗಿಸುವುದು ದೊಡ್ಡ ದೋಷ. ಐದು ನಿಮಿಷ ಯೋಚಿಸಿ ಉತ್ತರದ ಪುಟಕ್ಕೆ ಹೋಗುವ ಮಗು ಒಂದು ವಾರದಲ್ಲಿ ಪುಸ್ತಕ ಮುಗಿಸುತ್ತದೆ; ತಿಂಗಳ ಬಳಿಕ ಯಾವ ಒಗಟನ್ನೂ ಮತ್ತೆ ಬಿಡಿಸಲಾರದು. ವಾರಕ್ಕೆ ಎರಡೋ ಮೂರೋ ಒಗಟುಗಳು ಸಾಕು. ಅಂಕಿಗಳ ಒಗಟಾದರೆ ಮೊದಲು ಚಿಕ್ಕ ಸಂಖ್ಯೆಗಳಿಂದ ಪ್ರಯತ್ನಿಸಿ, ಕಂಡುದನ್ನು ಪಟ್ಟಿ ಮಾಡಿ, ಅನಂತರ ಕಾರಣ ಹುಡುಕಬೇಕು. ಉತ್ತರ ನೋಡಲೇಬೇಕಾದರೆ ಮೊದಲ ವಾಕ್ಯವನ್ನಷ್ಟೇ ಓದಿ ಪುಸ್ತಕ ಮುಚ್ಚುವುದು ಲೇಸು.

ಅರ್ಥವಾಗಿದೆಯೇ ಎಂಬುದನ್ನು ಪರೀಕ್ಷಿಸಲು ಮುಂಬಯಿ ಸುತ್ತಮುತ್ತಲಿನ ಕನ್ನಡ ಮನೆಗಳಿಗೆ ಒಂದು ವಿಶೇಷ ಅನುಕೂಲವಿದೆ. ಪುಸ್ತಕ ಇಂಗ್ಲಿಷಿನಲ್ಲಿದ್ದರೂ ಮನೆಮಾತು ಕನ್ನಡ. 111ರ ವರ್ಗ ಏಕೆ ಹಾಗಿದೆ ಎಂಬುದನ್ನು ಮಗು ಅಜ್ಜನಿಗೋ ಅಮ್ಮನಿಗೋ ಕನ್ನಡದಲ್ಲಿ, ಕಾಗದದ ಮೇಲೆ ಸಾಲುಗಳನ್ನು ಬರೆದು ಹೇಳಲಿ. ಪುಸ್ತಕದ ವಾಕ್ಯಗಳು ಅಲ್ಲಿ ನೆರವಿಗೆ ಬಾರವು. ತಿಳಿದದ್ದು ಮಾತ್ರ ಮಾತಾಗಿ ಬರುತ್ತದೆ. ಎಲ್ಲಿ ತಡವರಿಸುತ್ತದೋ ಅಲ್ಲಿ ತಿಳಿವಳಿಕೆಯ ಕೊಂಡಿ ಕಳಚಿದೆಯೆಂದು ಅರಿಯಬೇಕು.

ಒಂದು ಮಿತಿಯನ್ನೂ ಹೇಳಬೇಕು. ಒಗಟಿನ ಪುಸ್ತಕ ಶಾಲೆಯ ಅಭ್ಯಾಸಕ್ಕೆ ಬದಲಿಯಲ್ಲ. ಕಳೆಯುವಿಕೆ, ಆವರಣ ಬಿಡಿಸುವಿಕೆ ಇವುಗಳಲ್ಲಿ ಕೈ ಪಳಗಿರದಿದ್ದರೆ 6174ರ ಸಾಧನೆ ಅರ್ಧದಲ್ಲೇ ನಿಲ್ಲುತ್ತದೆ. ಆದರೆ ಅಲ್ಲಿ ನಿಂತ ಮಗು, ತನಗೆ ಏನು ಬೇಕಾಗಿದೆಯೆಂಬುದನ್ನು ತಿಳಿದು ಪಠ್ಯಪುಸ್ತಕಕ್ಕೆ ಮರಳುತ್ತದೆ.

ಅಭ್ಯಾಸ

1. 125543 ಡೆಮ್ಲೊ ಸಂಖ್ಯೆಯೇ? ಎಡಭಾಗದಲ್ಲಿಯೂ ಬಲಭಾಗದಲ್ಲಿಯೂ ಎರಡೆರಡು ಅಂಕಿಗಳನ್ನಿಟ್ಟು ಪರೀಕ್ಷಿಸಿರಿ.

2. ಮೂರು ಅಂಕಿಗಳ ಸಂಖ್ಯೆಗಳಿಗೆ ಕಾಪ್ರೇಕರರ ಕ್ರಮವನ್ನು ಅನ್ವಯಿಸಿರಿ. ವ್ಯತ್ಯಾಸವು 99(a − c) ಎಂದು ತೋರಿಸಿ, ಆದುದರಿಂದ ಒಂಬತ್ತು ಸಂದರ್ಭಗಳನ್ನು ನೋಡಿದರೆ ಸಾಕೆಂಬುದನ್ನು ವಿವರಿಸಿರಿ. ಎಲ್ಲವೂ ಬಂದು ಸೇರುವ ಸಂಖ್ಯೆ 495.

3. ಎರಡು ಅಂಕಿಗಳಲ್ಲಿ ಇದೇ ಕ್ರಮ ಒಂದು ಸಂಖ್ಯೆಯಲ್ಲಿ ನಿಲ್ಲುವುದಿಲ್ಲ. 09, 81, 63, 27, 45 ಎಂದು ಸುತ್ತಿ ಮತ್ತೆ 09ಕ್ಕೆ ಬರುತ್ತದೆ. ವ್ಯತ್ಯಾಸ 9(a − b) ಎಂಬುದನ್ನು ಆಧರಿಸಿ, ಬೇರೆ ಯಾವ ಸುತ್ತೂ ಇರಲಾರದೆಂದು ತೋರಿಸಿರಿ.